ಎದುರಿಗಿದ್ದವರು ಅತ್ತುಬಿಟ್ಟಾಗ: ಮೊದಲ ಹತ್ತು ನಿಮಿಷ ಏನು ಮಾಡಬೇಕು?

ಮಾತಾಡುತ್ತಿದ್ದಂತೆಯೇ ಎದುರಿಗಿದ್ದವರ ದನಿ ನಡುಗುತ್ತದೆ, ಕಣ್ಣು ತುಂಬಿ ಬರುತ್ತದೆ. ಆಗ ನಮ್ಮ ಬಾಯಿಗೆ ಥಟ್ಟನೆ ಬರುವುದು ಎರಡೇ ಮಾತು: ‘ಅಳಬೇಡಿ’ ಮತ್ತು ‘ಏನಾಯ್ತು?’ ಎರಡೂ ಕಾಳಜಿಯಿಂದಲೇ ಬಂದ ಮಾತುಗಳು. ಆದರೂ ಮೊದಲ ಒಂದೆರಡು ನಿಮಿಷ ಎರಡನ್ನೂ ತಡೆಹಿಡಿಯುವುದು ಒಳ್ಳೆಯದು.

ಅಳು ಉಕ್ಕಿದಾಗ ಎದೆಬಡಿತ ಜೋರಾಗುತ್ತದೆ, ಉಸಿರು ತುಂಡುತುಂಡಾಗಿ ಬರುತ್ತದೆ, ಗಂಟಲು ಬಿಗಿದು ಏನೋ ಸಿಕ್ಕಿಕೊಂಡಂತೆ ಆಗುತ್ತದೆ. ಆ ಸ್ಥಿತಿಯಲ್ಲಿ ‘ಏನಾಯ್ತು?’ ಎಂದರೆ ಉತ್ತರಿಸಬೇಕೆಂದಿದ್ದರೂ ಮಾತು ಹೊರಡುವುದಿಲ್ಲ. ‘ಅಳಬೇಡಿ’ ಎಂದರೆ ಇನ್ನೂ ಕಷ್ಟ. ಅವರು ಅಳುವನ್ನು ನುಂಗಲು ಹೆಣಗುತ್ತಾರೆ, ‘ಸಾರಿ, ಸಾರಿ’ ಎನ್ನುತ್ತಾರೆ, ನಿಮಗೆ ಮುಜುಗರವಾಗದಂತೆ ನೋಡಿಕೊಳ್ಳುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ಬಿಕ್ಕು ತಾನಾಗಿ ಇಳಿಯುವವರೆಗೆ ಜಾಗ ಮಾಡಿಕೊಡುವುದೇ ಮೊದಲ ಕೆಲಸ.

ಮೊದಲು ನಿಮ್ಮ ಮೈ, ಆಮೇಲೆ ಮಾತು

ನಿಂತಿದ್ದರೆ ಕೂತುಕೊಳ್ಳಿ; ತಲೆಯ ಮೇಲೆ ನಿಂತು ನೋಡುತ್ತಿದ್ದರೆ ವಿಚಾರಣೆಯಂತೆ ಅನ್ನಿಸುತ್ತದೆ. ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಸ್ವಲ್ಪ ಓರೆಯಾಗಿ, ಒಂದು ತೋಳಿನಷ್ಟು ದೂರದಲ್ಲಿ ಕೂತರೆ ಅವರಿಗೆ ಮುಖ ತಿರುಗಿಸಿಕೊಳ್ಳಲು ಜಾಗವಿರುತ್ತದೆ. ಬಾಗಿಲಿಗೂ ಅವರಿಗೂ ಅಡ್ಡವಾಗಿ ಕೂರಬೇಡಿ. ಮೊಬೈಲನ್ನು ಮಗುಚಿ ಇಡಿ. ಸುತ್ತ ಜನರಿದ್ದರೆ ಮೆಲ್ಲಗೆ ಕೇಳಿ: ‘ಆ ಕಡೆ ರೂಮಿಗೆ ಹೋಗೋಣವಾ?’ ಬರೀ ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ ಇದು, ಆ ಹೊತ್ತಿಗೆ ಅವರಿಂದ ಆಗುವುದೂ ಅಷ್ಟೇ.

ಆಮೇಲೆ ಒಂದೇ ಒಂದು ಮಾತು: ‘ಪರವಾಗಿಲ್ಲ, ನಿಧಾನವಾಗಿ. ನಾನಿಲ್ಲೇ ಇದ್ದೀನಿ.’ ಅಲ್ಲಿಗೆ ನಿಲ್ಲಿಸಿ. ಕಷ್ಟವಿರುವುದು ಇಲ್ಲಿಯೇ, ಏಕೆಂದರೆ ಅರ್ಧ ನಿಮಿಷದ ಮೌನವೂ ತುಂಬಾ ಉದ್ದ ಅನ್ನಿಸಿ ನಾಲಿಗೆ ತುರಿಸುತ್ತದೆ. ನಿಮ್ಮದೇ ಐದು ಉಸಿರನ್ನು ಎಣಿಸಿ, ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಅದು ಮೊದಲು ನಿಮ್ಮ ಗಾಬರಿಯನ್ನು ಇಳಿಸುತ್ತದೆ. ‘ಉಸಿರಾಡಿ, ಉಸಿರಾಡಿ’ ಎಂದು ಅವರಿಗೆ ಹೇಳಲು ಹೋಗಬೇಡಿ.

ಟಿಶ್ಯೂವನ್ನು ಕೈಗೆ ತುರುಕಿದರೆ ‘ಸಾಕು, ಒರೆಸಿಕೊಳ್ಳಿ’ ಎಂದಂತೆ ಕೇಳಿಸಬಹುದು. ಅವರ ಕೈಗೆಟಕುವಲ್ಲಿ ಇಟ್ಟು ಸುಮ್ಮನಿರಿ. ನೀರನ್ನೂ ಹತ್ತಿರ ಇಡಿ, ಆದರೆ ಬಿಕ್ಕುತ್ತಿರುವಾಗ ಕುಡಿಯಿರಿ ಎಂದು ಒತ್ತಾಯಿಸಬೇಡಿ, ನೆತ್ತಿಗೇರುತ್ತದೆ. ಮುಟ್ಟುವ ವಿಷಯದಲ್ಲಿ ಊಹೆ ಬೇಡ. ತುಂಬಾ ಆಪ್ತರಲ್ಲದಿದ್ದರೆ ‘ಕೈ ಹಿಡ್ಕೊಳ್ಳಲಾ?’ ಎಂದು ಕೇಳಿ. ಆಪ್ತರೇ ಆದರೂ, ನಿಮ್ಮ ಕೈ ತಾಗಿದೊಡನೆ ಭುಜ ಸೆಟೆದುಕೊಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ.

ಬಿಕ್ಕು ಇಳಿದದ್ದು ಹೇಗೆ ತಿಳಿಯುತ್ತದೆ?

ಒಂದು ದೊಡ್ಡ ನಿಟ್ಟುಸಿರು ಬರುತ್ತದೆ, ಏರಿದ್ದ ಭುಜ ಕೆಳಗಿಳಿಯುತ್ತದೆ, ಮೂಗು ಒರೆಸಿಕೊಂಡು ಒಮ್ಮೆ ನಿಮ್ಮತ್ತ ನೋಡುತ್ತಾರೆ. ಅರ್ಧಕ್ಕೆ ನಿಲ್ಲದ ಒಂದು ಪೂರ್ತಿ ವಾಕ್ಯ ಬಂತೆಂದರೆ ಮಾತಿಗೆ ದಾರಿಯಾಯಿತು. ಮಧ್ಯೆ ಮತ್ತೆ ಅಳು ಉಕ್ಕಿದರೆ ಮತ್ತೆ ಸುಮ್ಮನಾಗಿ. ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ, ಅಳು ಬರುವುದೇ ಅಲೆ ಅಲೆಯಾಗಿ.

ಒಂದು ಸಂದರ್ಭ ನೋಡೋಣ. ‘ರಿಪೋರ್ಟ್ ಶುಕ್ರವಾರದೊಳಗೆ ಆಗುತ್ತಾ?’ ಎಂದು ನೀವು ಕೇಳಿದ್ದೇ ತಡ, ಜೊತೆಯಲ್ಲಿ ಕೆಲಸ ಮಾಡುವವರು ಅತ್ತುಬಿಟ್ಟರು. ಮೂರು ನಿಮಿಷದ ನಂತರ ಹೇಳುತ್ತಾರೆ: ‘ಸಾರಿ, ಇಷ್ಟು ಸಣ್ಣ ವಿಷಯಕ್ಕೆ…’

‘ಅಯ್ಯೋ, ರಿಪೋರ್ಟ್ ಬಿಡಿ, ಆಮೇಲೆ ನೋಡೋಣ’ ಎಂದರೆ ಕಾರಣ ರಿಪೋರ್ಟೇ ಎಂದು ನೀವೇ ತೀರ್ಮಾನಿಸಿದಂತೆ. ಅದರ ಬದಲು: ‘ಸಾರಿ ಎಲ್ಲ ಬೇಡ. ತುಂಬಾ ದಿನದಿಂದ ತಡ್ಕೊಂಡಿದ್ರಿ ಅನ್ಸುತ್ತೆ.’

‘ಅಮ್ಮ ಆಸ್ಪತ್ರೆಲಿದಾರೆ. ರಾತ್ರಿಯೆಲ್ಲ ಅಲ್ಲೇ ಇರ್ತೀನಿ, ಬೆಳಿಗ್ಗೆ ಇಲ್ಲಿಗೆ ಬರ್ತೀನಿ.’

ಈ ಜಾಗದಲ್ಲೇ ಹೆಚ್ಚಿನವರು ಎಡವುವುದು. ‘ಎಲ್ಲ ಸರಿಹೋಗುತ್ತೆ’ ಎನ್ನುತ್ತೇವೆ. ಸರಿಹೋಗುತ್ತದೆಂದು ನಮಗೆ ಗೊತ್ತಿಲ್ಲ, ಗೊತ್ತಿಲ್ಲವೆಂದು ಅವರಿಗೂ ಗೊತ್ತು. ‘ನಮ್ಮಮ್ಮನಿಗೂ ಹೀಗೇ ಆಗಿತ್ತು’ ಎಂದೊಡನೆ ಮಾತು ನಮ್ಮ ಮನೆಯ ಕಡೆ ಹೊರಳುತ್ತದೆ. ‘ಯಾವ ಡಾಕ್ಟರು? ಏನು ಟೆಸ್ಟು?’ ಎಂದರೆ ಮತ್ತೆ ಪ್ರಶ್ನೋತ್ತರ. ಅವರು ಹೇಳಿದ್ದನ್ನೇ ಚಿಕ್ಕದಾಗಿ ಅವರಿಗೆ ಹಿಂತಿರುಗಿಸಿ: ‘ರಾತ್ರಿ ಆಸ್ಪತ್ರೆ, ಹಗಲು ಇಲ್ಲಿ. ಎರಡೂ ಕಡೆ ನೀವೊಬ್ಬರೇ.’

‘ಹೂಂ. ನಿದ್ದೆ ಹತ್ತಿಬಿಟ್ರೆ, ಆಗ ಅಮ್ಮ ಕರೆದ್ರೆ ಅಂತ ಭಯ ಆಗುತ್ತೆ.’

ಒಳಗಿದ್ದದ್ದು ಈ ಭಯ. ಕೇಳಿ ಹೊರತೆಗೆಯಬಹುದಾದ ಉತ್ತರ ಇದಲ್ಲ. ತನ್ನ ಮಾತು ತಲುಪಿದೆ ಎಂದು ಅನ್ನಿಸಿದ ಮೇಲೆ ತಾನಾಗಿ ಬಂದದ್ದು. ಇದಕ್ಕೂ ಪರಿಹಾರ ಹುಡುಕಲು ಓಡಬೇಡಿ. ‘ಅಷ್ಟು ಭಯ ಇಟ್ಕೊಂಡು ಕೂತಿರೋದು ತುಂಬಾ ಕಷ್ಟ’ ಎಂದು ಹೇಳಿ, ಮತ್ತೆ ಎರಡು ಉಸಿರಿನಷ್ಟು ಕಾಯಿರಿ.

ಸಹಾಯದ ಮಾತು ಕೊನೆಗೆ

ಸಂಕಟದಲ್ಲಿರುವವರಿಗೆ ಮಾನಸಿಕ ಪ್ರಥಮ ಚಿಕಿತ್ಸೆ ಕೊಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾರ್ಗದರ್ಶಿ ಹೇಳುವ ಕ್ರಮವೂ ನೋಡುವುದು, ಆಲಿಸುವುದು, ಬೇಕಾದ ನೆರವಿಗೆ ಜೋಡಿಸುವುದು ಎಂದೇ. ನೆರವಿನ ಸರದಿ ಬರುವುದು ಆಲಿಸಿದ ಮೇಲೆ. ಆಗ ಕೇಳಿ: ‘ಇನ್ನೂ ಸ್ವಲ್ಪ ಮಾತಾಡ್ಬೇಕು ಅನ್ಸುತ್ತಾ, ಅಥವಾ ಸುಮ್ನೆ ಕೂರೋಣವಾ? ಕೆಲಸದಲ್ಲಿ ಏನಾದ್ರೂ ಹಂಚ್ಕೊಳ್ಳಲಾ?’

‘ಏನಾದ್ರೂ ಬೇಕಿದ್ರೆ ಹೇಳಿ’ ಎಂಬುದು ಒಳ್ಳೆಯ ಮನಸ್ಸಿನ ಮಾತೇ, ಆದರೆ ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು ಕೇಳುವ ಹೊರೆಯನ್ನು ಅವರ ಮೇಲೇ ಹಾಕುತ್ತದೆ. ‘ರಿಪೋರ್ಟಿನ ಅಂಕಿಅಂಶದ ಭಾಗ ನಾನು ಮಾಡ್ತೀನಿ, ಆಗಬಹುದಾ?’ ಎಂದರೆ ಹೂಂ ಎಂದರೆ ಸಾಕು. ಖಂಡಿತ ಮಾಡಬಲ್ಲದ್ದನ್ನು ಮಾತ್ರ ಹೇಳಿ.

ಅಳು ಬಂದದ್ದು ನಿಮ್ಮ ಮಾತಿನಿಂದಲೇ ಆಗಿದ್ದರೆ ಕ್ರಮ ಇದೇ, ಆದರೆ ಬಿಕ್ಕು ಇಳಿದ ಮೇಲಿನ ಮೊದಲ ಮಾತು ಬೇರೆ: ‘ನಾನು ಹೇಳಿದ ರೀತಿಯಿಂದ ನೋವಾಯ್ತು ಅನ್ಸುತ್ತೆ.’ ‘ನನ್ನ ಉದ್ದೇಶ ಅದಲ್ಲ’ ಎಂಬ ಸಮರ್ಥನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಇಷ್ಟೇ ಸಾಲದ ಸಂದರ್ಭಗಳು

ಉಸಿರಾಟ ತೀರಾ ವೇಗವಾಗಿ, ಬೆರಳು, ತುಟಿ ಜುಮುಗುಟ್ಟುತ್ತಿದೆ ಎಂದರೆ, ಆಗ ಮಾತ್ರ ಉಸಿರಿನ ಮಾತೆತ್ತಿ: ‘ನನ್ನ ಜೊತೆ ನಿಧಾನವಾಗಿ ಉಸಿರು ಹೊರಗೆ ಬಿಡಿ’ ಎಂದು ನೀವೂ ಕೂಡಿ ಮಾಡಿ. ಕಾಗದದ ಚೀಲ ಹಿಡಿಯುವ ಹಳೇ ಉಪಾಯ ಬೇಡ, ಆಮ್ಲಜನಕ ಕಡಿಮೆಯಾಗಬಹುದು. ಎದೆನೋವು ಅಥವಾ ಎಚ್ಚರ ತಪ್ಪುವಂತಿದ್ದರೆ ಕೂಡಲೇ ವೈದ್ಯಕೀಯ ನೆರವು ಬೇಕು.

‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಅದನ್ನು ತೇಲಿಸಿಬಿಡಬೇಡಿ. ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಅವರು ನಂಬುವ ಒಬ್ಬರನ್ನು ಕರೆಸಿ, ತುರ್ತು ಸೇವೆಗೆ ಅಥವಾ ಮಾನಸಿಕ ನೆರವಿನ ಸಹಾಯವಾಣಿಗೆ ಅವರ ಪಕ್ಕದಲ್ಲೇ ಇದ್ದು ಕರೆ ಮಾಡಿ. ‘ಯಾರಿಗೂ ಹೇಳಬೇಡಿ’ ಎಂದು ಅವರು ಕೇಳಿಕೊಂಡರೂ ಈ ವಿಷಯದಲ್ಲಿ ಮಾತು ಕೊಡಬೇಡಿ.

ಉಳಿದಂತೆ ಅಲ್ಲಿ ಕೇಳಿದ್ದು ಅಲ್ಲೇ ಇರಲಿ. ಏಳುವ ಮುಂಚೆ ಮುಖ ತೊಳೆದುಕೊಳ್ಳಲು ಐದು ನಿಮಿಷ ಬಿಡಿ. ಕೆಂಪುಗಣ್ಣಿನಲ್ಲಿ ಎಲ್ಲರ ನಡುವೆ ಹೋಗುವುದು ಕಷ್ಟ. ಮಾರನೆಯ ದಿನ ಒಂದು ಸಾಲಿನ ಮೆಸೇಜು ಸಾಕು: ‘ಅಮ್ಮ ಹೇಗಿದ್ದಾರೆ? ಉತ್ತರಕ್ಕೆ ಅವಸರ ಇಲ್ಲ.’ ನಾಲ್ಕು ಜನರ ಎದುರು ‘ಈಗ ಪರವಾಗಿಲ್ವಾ?’ ಎಂದು ಕೇಳಬೇಡಿ.