ವಿ-ನೆಕ್ ಸ್ವೆಟರ್‌ನ ಆ ಒಂದು ಸಾಲು

ಮುಂಭಾಗದ ಎಡ ಅರ್ಧ ಹೆಣೆಯುವಾಗ ಪ್ಯಾಟರ್ನ್ ನನ್ನನ್ನು ಒಂದೇ ಕಡೆ ನಿಲ್ಲಿಸಿಬಿಟ್ಟಿತು. ತೋಳಿನ ಕಡೆ 2 ಸಾಲಿಗೊಮ್ಮೆ ಒಂದು ಕುಣಿಕೆ ಇಳಿಸಿ, 6 ಸಲ. ಅದರ ಕೆಳಗೆ `AT THE SAME TIME`, ಕತ್ತಿನ ಕಡೆ 4 ಸಾಲಿಗೊಮ್ಮೆ, 8 ಸಲ. ಓದುವ ಕ್ರಮ ಬೇರೆ, ಹೆಣೆಯುವ ಕ್ರಮ ಬೇರೆ ಅಲ್ವಾ? ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಹೋದರೆ ಕತ್ತು 12 ಸಾಲು ಮೇಲೆ ಶುರುವಾಗುತ್ತದೆ.

ಮೊದಲು ನನ್ನ ಅಳತೆಯ ಸಂಖ್ಯೆಗೆ ಸುತ್ತು ಹಾಕಿದೆ. `26 (30, 34) sts` ಎಂದಿದ್ದರೆ ಆವರಣದ ಹೊರಗಿನದು ಚಿಕ್ಕ ಸೈಜ್. ನನ್ನದು ಎರಡನೆಯದು, ಅಂದರೆ 30 ಕುಣಿಕೆ.

ಆಮೇಲೆ ಕಾಗದದ ಮೇಲೆ 1ರಿಂದ 32ರವರೆಗೆ ಸಾಲು ಬರೆದು, ಪಕ್ಕದಲ್ಲಿ ಎರಡು ಕಾಲಂ ಎಳೆದೆ. 2ನೇ ಸಾಲಲ್ಲಿ ತೋಳು ಮಾತ್ರ, 4ರಲ್ಲಿ ಎರಡೂ, 6ರಲ್ಲಿ ಮತ್ತೆ ತೋಳು. ತೋಳಿನ ಕೆಲಸ 12ಕ್ಕೇ ಮುಗಿಯಿತು, ಕತ್ತು ಒಂದೇ 32ರ ತನಕ ಹೋಯಿತು. ಮುಗಿಸಿದ ಸಾಲಿಗೆ ಟಿಕ್ ಹಾಕುತ್ತಾ ಹೋದೆ, ಸುಮ್ನೆ ನೆನಪು ನಂಬಲಿಲ್ಲ. ಎರಡು ಕುಣಿಕೆಯನ್ನು ಒಂದಾಗಿಸಿ ಇಳಿಸುವಾಗ `k2tog` ಬಲಕ್ಕೆ, `ssk` ಎಡಕ್ಕೆ ವಾಲುತ್ತದೆ. ಯಾವ ಅಂಚಿಗೆ ಯಾವುದು ಅಂತಲೂ ಅದೇ ಕಾಲಂನಲ್ಲಿ ಗುರುತಿಸಿಕೊಂಡೆ.

30ರಲ್ಲಿ 6 ಮತ್ತು 8 ಕಳೆದರೆ 16. ಪ್ಯಾಟರ್ನ್ ಭುಜಕ್ಕೆ ಕೇಳಿದ್ದೂ 16. ಕಡ್ಡಿಯ ಮೇಲೆ ಎಣಿಸಿದಾಗಲೂ ಅಷ್ಟೇ ಇದ್ದವು.