z ಕೊಡಬೇಕಾದಲ್ಲಿ a ಕೊಟ್ಟೆ: ಸಿಗ್ಮಾಯ್ಡ್ ಡಿರೈವೇಟಿವ್ ಜೊತೆ ನನ್ನ ಅನುಭವ

ನ್ಯೂರಲ್ ನೆಟ್‌ವರ್ಕ್ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು ಅನ್ನಿಸಿ, ಒಮ್ಮೆ ರೆಡಿಮೇಡ್ ಲೈಬ್ರರಿ ಬಿಟ್ಟು ಬರೀ ನಂಪೈ ಹಿಡಿದು ಕೂತೆ. ಡೇಟಾ ಎಲ್ಲರಿಗೂ ಗೊತ್ತಿರುವ ಎಂನಿಸ್ಟ್. ಕಲಿಸಲು ಕೈಬರಹದ ಅಂಕಿಗಳ 60,000 ಚಿತ್ರ, ಒಂದೊಂದೂ 28×28, ಅಂದರೆ 784 ಪಿಕ್ಸೆಲ್. ನಡುವೆ ಒಂದೇ ಹಿಡನ್ ಲೇಯರ್, ಅದರಲ್ಲಿ 100 ನ್ಯೂರಾನ್, ಎಲ್ಲಕ್ಕೂ ಸಿಗ್ಮಾಯ್ಡ್. ಕೊನೆಯಲ್ಲಿ ಸಾಫ್ಟ್‌ಮ್ಯಾಕ್ಸ್.

ಬ್ಯಾಕ್‌ಪ್ರೊಪಗೇಶನ್ ಬರೆಯಲು ಸಿಗ್ಮಾಯ್ಡಿನ ಡಿರೈವೇಟಿವ್ ಬೇಕು. ಭಾಗಾಕಾರದ ಸೂತ್ರ ಹಾಕಿ ಹೊರಟರೆ ಕಾಗದ ತುಂಬ ಗಲೀಜಾಗುತ್ತದೆ. ನನಗೆ ಇಷ್ಟವಾದ ದಾರಿ ತಲೆಕೆಳಗು ಮಾಡುವುದು. ಸಿಗ್ಮಾಯ್ಡಿಗೆ ಒಳಹೋಗುವ ಸಂಖ್ಯೆಯನ್ನು z, ಹೊರಬರುವ ಬೆಲೆಯನ್ನು a ಎಂದು ಕರೆಯೋಣ.

```
a   = 1 / (1 + e^(-z))
1/a = 1 + e^(-z)
-a'/a² = -e^(-z)
a'  = a² · e^(-z)
```

ಎರಡನೇ ಸಾಲನ್ನೇ ಮತ್ತೆ ನೋಡಿ. e^(-z) ಅಂದರೆ 1/a − 1 ಅಲ್ವಾ? ಅದನ್ನು ಕೊನೆಯ ಸಾಲಿಗೆ ಹಾಕಿದರೆ a² (1/a − 1), ಅಂದರೆ a − a², ಅಂದರೆ a(1 − a). z ಪೂರ್ತಿ ಮಾಯ. ಎಕ್ಸ್‌ಪೊನೆನ್ಷಿಯಲ್ ಕೂಡ ಮಾಯ. ಮುಂದಕ್ಕೆ ಹೋಗುವಾಗ a ಹೇಗೂ ಲೆಕ್ಕ ಹಾಕಿ ಇಟ್ಟಿರುತ್ತೇವೆ. ಹಿಂದಕ್ಕೆ ಬರುವಾಗ ಒಂದು ಕಳೆಯುವುದು, ಒಂದು ಗುಣಿಸುವುದು, ಅಷ್ಟೇ ಖರ್ಚು.

ಇಷ್ಟು ಚೆಂದದ ಸೂತ್ರವನ್ನು ಕೋಡ್‌ನಲ್ಲಿ ನಾನು ಬರೆದದ್ದು ಹೀಗೆ:

```python
def sigmoid(z):
    return 1 / (1 + np.exp(-z))

def dsigmoid(z):
    s = sigmoid(z)
    return s * (1 - s)

dz1 = da1 * dsigmoid(a1)
```

ಕೊನೆಯ ಸಾಲಿನಲ್ಲಿ ತಪ್ಪಿದೆ. `dsigmoid` ಕೇಳುವುದು z. ನಾನು ಕೊಟ್ಟಿದ್ದು a1. ಅಂದರೆ ಸಿಗ್ಮಾಯ್ಡಿಗೆ ಮತ್ತೊಮ್ಮೆ ಸಿಗ್ಮಾಯ್ಡ್ ಹಾಕಿದ ಹಾಗಾಯಿತು. ಯಾವ ಎರರೂ ಬರಲಿಲ್ಲ. ಲಾಸ್ ಇಳಿಯಿತು, ಅಂಕಿಗಳನ್ನೂ ತಕ್ಕಮಟ್ಟಿಗೆ ಸರಿಯಾಗಿ ಗುರುತಿಸಿತು. ನಾನು ಖುಷಿಯಾಗಿದ್ದೆ.

ಮಧ್ಯದಲ್ಲಿ ಒಂದು ಎಚ್ಚರಿಕೆ ಮಾತ್ರ ಬಂದಿತ್ತು: `RuntimeWarning: overflow encountered in exp`. ಕೋಡ್ ನಿಲ್ಲಲಿಲ್ಲವಲ್ಲ ಎಂದು ಸುಮ್ನೆ ಬಿಟ್ಟೆ. ಅಲ್ಲೇ ನಿಂತು ನೋಡಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಜೊತೆಗೆ ಕೆಲಸ ಮಾಡುವ ಗೆಳೆಯನಿಗೆ ತೋರಿಸಿದೆ. ಅವನು ಕೋಡ್ ನೋಡಲೇ ಇಲ್ಲ. "ಗ್ರೇಡಿಯಂಟ್ ಚೆಕ್ ಮಾಡಿದ್ಯಾ?" ಎಂದ. ಇಲ್ಲ ಎಂದೆ. "ಮತ್ತೆ ಹೇಗೋ ಗೊತ್ತು ಸರಿ ಇದೆ ಅಂತ?"

ಗ್ರೇಡಿಯಂಟ್ ಚೆಕ್ ಅಂದರೆ ಸೂತ್ರವನ್ನು ನಂಬದೆ ಕೈಯಾರೆ ಅಳೆದು ನೋಡುವುದು. ಒಂದು ವೇಟ್ ಆರಿಸಿಕೊಂಡು ಅದನ್ನು ಚೂರು ಹೆಚ್ಚಿಸಿ ಲಾಸ್ ನೋಡಬೇಕು, ಅಷ್ಟೇ ಕಡಿಮೆ ಮಾಡಿ ಮತ್ತೆ ಲಾಸ್ ನೋಡಬೇಕು. ಎರಡರ ವ್ಯತ್ಯಾಸವನ್ನು ಆ ಚೂರಿನ ಎರಡರಷ್ಟರಿಂದ ಭಾಗಿಸಬೇಕು.

```python
eps = 1e-5
num = (loss(w + eps) - loss(w - eps)) / (2 * eps)
```

ಇಲ್ಲಿ ಎರಡು ವಿಷಯ ಗಮನಿಸಬೇಕು. ಫ್ಲೋಟ್32ರಲ್ಲಿ ಮಾಡಿದರೆ ಇಷ್ಟು ಸಣ್ಣ ವ್ಯತ್ಯಾಸ ರೌಂಡಿಂಗ್‌ನಲ್ಲೇ ಕರಗಿಹೋಗುತ್ತದೆ, ಹಾಗಾಗಿ ಚೆಕ್‌ಗೆ ಫ್ಲೋಟ್64 ಬೇಕು. ಇನ್ನು ಎಂನಿಸ್ಟ್ ಚಿತ್ರದ ಅಂಚಿನ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಯಾವಾಗಲೂ ಸೊನ್ನೆ. ಅವಕ್ಕೆ ಜೋಡಿಸಿದ ವೇಟ್ ಆರಿಸಿದರೆ ಎರಡೂ ಕಡೆ ಸೊನ್ನೆ ಬಂದು, ಎಲ್ಲ ಸರಿಯಿದೆ ಎಂದು ಮೋಸ ಹೋಗುತ್ತೇವೆ. ಚಿತ್ರದ ನಡುವಿನ ಪಿಕ್ಸೆಲ್‌ನ ವೇಟ್ ಆರಿಸಬೇಕು.

ನಡುವಿನ ವೇಟ್‌ಗಳನ್ನೇ ಆರಿಸಿದೆ. ನನ್ನ ಸೂತ್ರ ದೊಡ್ಡ ಸಂಖ್ಯೆಗಳನ್ನು ಕೊಡುತ್ತಿತ್ತು. ಅಳತೆ ಕೊಡುತ್ತಿದ್ದದ್ದು ಸೊನ್ನೆ. ಒಂದಲ್ಲ, ನೋಡಿದ ಪ್ರತಿ ವೇಟ್‌ಗೂ ಹೆಚ್ಚುಕಡಿಮೆ ಸೊನ್ನೆ. ಚೆಕ್ ಕೋಡೇ ತಪ್ಪಿರಬೇಕು ಎಂದುಕೊಂಡು ಅದನ್ನೇ ಮೂರು ಸಲ ತಿದ್ದಿದೆ. ಮನುಷ್ಯನ ಬುದ್ಧಿ ನೋಡಿ.

ಕೊನೆಗೆ ಗೆಳೆಯನೇ ಪಕ್ಕದಲ್ಲಿ ಕೂತು `dz1` ಸಾಲು ಓದಿದ. "ಇಲ್ಲಿ z ಕೊಡಬೇಕೋ, a ಕೊಡಬೇಕೋ?" ಅಂದ. ತಪ್ಪು ಸಿಕ್ಕಿತು. ಸಾಲನ್ನು `da1 * a1 * (1 - a1)` ಎಂದು ತಿದ್ದಿದೆ. ತಮಾಷೆ ಏನೆಂದರೆ, ತಿದ್ದಿದ ಮೇಲೆ ಮೊದಲ ಲೇಯರ್ ಕಲಿಯುವುದನ್ನೇ ನಿಲ್ಲಿಸಿತು! ವೇಟ್‌ಗಳು ಶುರುವಿನಲ್ಲಿ ಇದ್ದಂತೆಯೇ ಕೂತಿದ್ದವು. ತಪ್ಪು ಕೋಡ್ ಕಲಿಯುತ್ತಿತ್ತು, ಸರಿಯಾದ ಕೋಡ್ ಕಲಿಯುತ್ತಿಲ್ಲ.

ಇದನ್ನು ಬಿಡಿಸಲು a(1 − a) ಅನ್ನೇ ದಿಟ್ಟಿಸಿ ನೋಡಬೇಕಾಯಿತು. a ಸೊನ್ನೆಯಿಂದ ಒಂದರ ನಡುವೆ ಇರುತ್ತದೆ. a ಅರ್ಧ ಇದ್ದಾಗ, ಅಂದರೆ z ಸೊನ್ನೆ ಇದ್ದಾಗ, ಡಿರೈವೇಟಿವ್ ಅತಿ ಹೆಚ್ಚು: 0.25. z 2 ಆದರೆ ಸುಮಾರು 0.105ಕ್ಕೆ ಇಳಿಯುತ್ತದೆ. z 5 ಆದರೆ a 0.9933, ಡಿರೈವೇಟಿವ್ 0.0066. ಎರಡು ತುದಿಯಲ್ಲೂ ಗೆರೆ ಚಪ್ಪಟೆ.

ಈಗ ನನ್ನ ತಪ್ಪು ಕೋಡ್ ಏನು ಮಾಡುತ್ತಿತ್ತು ನೋಡಿ. ಅದಕ್ಕೆ ಹೋಗುತ್ತಿದ್ದ ಸಂಖ್ಯೆ ಯಾವಾಗಲೂ 0ರಿಂದ 1ರ ಒಳಗೆ. ಆ ಜಾಗದಲ್ಲಿ ಸಿಗ್ಮಾಯ್ಡ್ ಎಂದೂ ಚಪ್ಪಟೆಯಾಗುವುದಿಲ್ಲ. ಉತ್ತರ ಎಂದಿದ್ದರೂ 0.197 ಮತ್ತು 0.25ರ ನಡುವೆಯೇ. z 5 ಇರುವ ನ್ಯೂರಾನ್‌ಗೆ 0.0066 ಬರಬೇಕಾದಲ್ಲಿ 0.197 ಬರುತ್ತಿತ್ತು, ಸುಮಾರು ಮೂವತ್ತು ಪಟ್ಟು. z ಸೊನ್ನೆಯ ಹತ್ತಿರ ಇದ್ದಿದ್ದರೆ 0.25ರ ಬದಲು 0.235, ಬರೀ ಆರು ಶೇಕಡ ವ್ಯತ್ಯಾಸ. ಎರಡೂ ಕಡೆ ಚಿಹ್ನೆ ಮಾತ್ರ ಸರಿ, ಯಾಕೆಂದರೆ ಆ ಸಂಖ್ಯೆ ಎಂದೂ ಮೈನಸ್ ಆಗುವುದಿಲ್ಲ. ಹಾಗಾಗಿ ವೇಟ್‌ಗಳು ಹೆಚ್ಚುಕಡಿಮೆ ಸರಿಯಾದ ದಿಕ್ಕಿಗೇ ಸರಿಯುತ್ತಿದ್ದವು. (ಮೆಟ್ಟಿಲಿನ ಹಾಗೆ 0 ಅಥವಾ 1 ಮಾತ್ರ ಕೊಡುವ ನ್ಯೂರಾನ್‌ಗಳಿಗೆ ಬೇಕೆಂದೇ ಹೀಗೆ ಸುಳ್ಳು ಡಿರೈವೇಟಿವ್ ಕೊಟ್ಟು ಕಲಿಸುವ ಸ್ಟ್ರೈಟ್-ಥ್ರೂ ಎಂಬ ವಿಧಾನವೇ ಇದೆ. ನಾನು ಗೊತ್ತಿಲ್ಲದೆ ಅದರ ಸೋದರನನ್ನು ಬರೆದಿದ್ದೆ.)

ಹಾಗಾದರೆ ನಿಜವಾದ ಡಿರೈವೇಟಿವ್ ಯಾಕೆ ಸೊನ್ನೆ? z1 ಪ್ರಿಂಟ್ ಮಾಡಿದೆ. 180, −240, 310, ಹೀಗೆ. ಪಿಕ್ಸೆಲ್‌ಗಳನ್ನು 0ರಿಂದ 255ರವರೆಗೆ ಇದ್ದ ಹಾಗೆಯೇ ಒಳಗೆ ಸುರಿದಿದ್ದೆ. 784 ಪಿಕ್ಸೆಲ್, ಶುರುವಿನ ವೇಟ್‌ಗಳ ಹರವು 0.1. ಲೆಕ್ಕ ಹಾಕಿದರೆ z ಇನ್ನೂರು ಚಿಲ್ಲರೆಯ ಆಸುಪಾಸು ಬರಲೇಬೇಕು. ಫ್ಲೋಟ್32ರಲ್ಲಿ z 17 ದಾಟಿದರೆ ಸಾಕು, a ಸರಿಯಾಗಿ 1.0 ಎಂದೇ ರೌಂಡ್ ಆಗುತ್ತದೆ. ಆಗ 1 − a ಸೊನ್ನೆ. ಹತ್ತಿರ ಹತ್ತಿರ ಸೊನ್ನೆ ಅಲ್ಲ, ಸೊನ್ನೆಯೇ. ಇನ್ನೊಂದು ತುದಿಯಲ್ಲಿ z −200 ಆದಾಗ np.exp(200) ಫ್ಲೋಟ್32ರಲ್ಲಿ ಹಿಡಿಸುವುದಿಲ್ಲ. ನಾನು ಬಿಟ್ಟಿದ್ದ ಎಚ್ಚರಿಕೆ ಇದೇ.

ಪಿಕ್ಸೆಲ್‌ಗಳನ್ನು 255ರಿಂದ ಭಾಗಿಸಿದೆ. z ಸುಮಾರು 1ರ ಹರವಿಗೆ ಬಂತು. ಗ್ರೇಡಿಯಂಟ್ ಚೆಕ್ ಕೂಡಿಬಂತು, ಮೊದಲ ಲೇಯರ್ ಕಲಿಯತೊಡಗಿತು. ತಪ್ಪು ಡಿರೈವೇಟಿವ್ ಇಷ್ಟು ದಿನ ಈ ಇನ್ನೊಂದು ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು.

ಧೈರ್ಯ ಬಂದು ಹಿಡನ್ ಲೇಯರ್‌ಗಳನ್ನು ಆರಕ್ಕೆ ಏರಿಸಿದೆ. ಲಾಸ್ 2.30ರಲ್ಲಿ ಅಂಟಿಕೊಂಡಿತು. ಹತ್ತು ಅಂಕಿಗಳಿದ್ದಾಗ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ಅದು 10ರ ಸಹಜ ಲಾಗರಿದಮ್. ನೆಟ್‌ವರ್ಕ್ ಚಿತ್ರ ನೋಡದೆಯೇ ಎಲ್ಲ ಅಂಕಿಗೂ ಹತ್ತರಲ್ಲಿ ಒಂದು ಎನ್ನುತ್ತಿದೆ ಎಂದು ಅರ್ಥ. ಈ ಸಲ z ಪ್ರಿಂಟ್ ಮಾಡಿದರೆ ಎಲ್ಲವೂ ಸಣ್ಣವು. ಯಾವ ನ್ಯೂರಾನೂ ತುದಿಗೆ ಹೋಗಿ ಅಂಟಿಲ್ಲ. ಮತ್ತೇನು ಕಾಯಿಲೆ?

ಇದನ್ನು ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಒಂದರ ಹಿಂದೆ ಒಂದು ಆರು ನ್ಯೂರಾನ್, ಎಲ್ಲ ವೇಟ್ 1, ಬಯಾಸ್ 0. ಒಳಗೆ 1 ಕೊಟ್ಟರೆ ಹೊರಬರುವ ಬೆಲೆಗಳು 0.731, 0.675, 0.663, 0.660, 0.659, 0.659. ಪ್ರತಿಯೊಂದಕ್ಕೂ a(1 − a) ಹಾಕಿದರೆ 0.197, 0.219, 0.224, 0.224, 0.225, 0.225. ಒಂದೊಂದನ್ನೇ ನೋಡಿದರೆ ಎಲ್ಲವೂ ಆರೋಗ್ಯವಾಗಿವೆ, 0.25ರ ಹತ್ತಿರವೇ ಇವೆ. ಆದರೆ ಚೈನ್ ರೂಲ್ ಇವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಗುಣಿಸಿದರೆ 0.00011. ಕೊನೆಯಲ್ಲಿ ಒಂದು ರೂಪಾಯಿಯಷ್ಟಿದ್ದ ಸುದ್ದಿ ಮೊದಲ ನ್ಯೂರಾನ್‌ಗೆ ಬರುವಷ್ಟರಲ್ಲಿ ಪೈಸೆಯ ನೂರರಲ್ಲೊಂದು ಪಾಲು.

ನನ್ನ ನೆಟ್‌ವರ್ಕ್‌ನಲ್ಲೂ ಪ್ರತಿ ಲೇಯರಿನ `dz` ಎಷ್ಟು ದೊಡ್ಡದಿದೆ ಎಂದು ಪ್ರಿಂಟ್ ಮಾಡಿಸಿದೆ. ಹಿಂದಕ್ಕೆ ಹೋದ ಹಾಗೆ ಪ್ರತಿ ಲೇಯರಿಗೂ ಸುಮಾರು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಆರನೆಯದಕ್ಕೂ ಮೊದಲನೆಯದಕ್ಕೂ ಸಾವಿರ ಪಟ್ಟಿನ ಅಂತರ. ಲರ್ನಿಂಗ್ ರೇಟ್ ಹೆಚ್ಚಿಸಿ ನೋಡಿದೆ. ಮೊದಲ ಲೇಯರ್ ಅಲುಗಾಡುವಷ್ಟು ಹೆಚ್ಚಿಸಿದರೆ ಕೊನೆಯದು ಕುಪ್ಪಳಿಸಿ ಹಾಳಾಗುತ್ತದೆ.

ವೇಟ್ ದೊಡ್ಡದು ಮಾಡಿದರೆ? ಪ್ರತಿ ಹೆಜ್ಜೆಯಲ್ಲಿ ಗುಣಿಸುವುದು ವೇಟ್ ಸಲ a(1 − a), ಹಾಗಾಗಿ ವೇಟ್ 4 ಆದರೆ 4 × 0.25, ಒಂದಾಗುತ್ತದಲ್ಲ ಎಂದು ನನಗೂ ಹೊಳೆದಿತ್ತು. ವೇಟ್ 8 ಇಟ್ಟು ನೋಡಿ. ಹಿಂದಿನಿಂದ a 0.5 ಬಂದರೆ z 4. ಆಗ a(1 − a) 0.0177. ಎಂಟರಿಂದ ಗುಣಿಸಿದರೂ 0.14 ಮಾತ್ರ, ಮೊದಲಿಗಿಂತ ಕಡಿಮೆ. ಬಯಾಸ್ −4 ಕೊಟ್ಟು z ಅನ್ನು ಸೊನ್ನೆಗೆ ತಂದರೆ ಗುಣಕ 2 ಆಗುತ್ತದೆ ನಿಜ. ಆದರೆ ಕಲಿಯುತ್ತಾ ವೇಟ್‌ಗಳು ಬದಲಾಗುವಾಗ ಎಲ್ಲ ನ್ಯೂರಾನ್, ಎಲ್ಲ ಚಿತ್ರಕ್ಕೂ ಆ ಸಣ್ಣ ಕಿಂಡಿಯೊಳಗೇ ಇರಬೇಕಲ್ಲ? ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ಕಷ್ಟವನ್ನು ಸೆಪ್ ಹೋಖ್‌ರೈಟರ್ 1991ರಲ್ಲೇ ಮ್ಯೂನಿಕ್‌ನಲ್ಲಿ ತಮ್ಮ ಡಿಪ್ಲೊಮಾ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದರು. 2010ರಲ್ಲಿ ಗ್ಲೋರೊ ಮತ್ತು ಬೆಂಜಿಯೋ ಸಿಗ್ಮಾಯ್ಡ್ ಲೇಯರ್‌ಗಳನ್ನು ಅಳೆದು ನೋಡಿ, ಕೊನೆಯ ಹಿಡನ್ ಲೇಯರ್ ಬೇಗನೆ ಸೊನ್ನೆಯ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು.

ಹಿಡನ್ ಲೇಯರ್‌ಗಳಿಗೆ ಸಿಗ್ಮಾಯ್ಡ್ ಬದಲು ರೆಲು ಹಾಕಿದೆ. z ಸೊನ್ನೆಗಿಂತ ದೊಡ್ಡದಿದ್ದರೆ ಅದನ್ನು ಹಾಗೆಯೇ ಬಿಡುತ್ತದೆ, ಇಲ್ಲದಿದ್ದರೆ ಸೊನ್ನೆ ಮಾಡುತ್ತದೆ. ಶುರುವಿನ ವೇಟ್‌ಗಳ ಹರವನ್ನು 2/n ಇದರ ವರ್ಗಮೂಲಕ್ಕೆ ಬದಲಿಸಿದೆ. n ಅಂದರೆ ಆ ಲೇಯರಿಗೆ ಒಳಬರುವ ತಂತಿಗಳ ಸಂಖ್ಯೆ, 100 ಇದ್ದರೆ ಹರವು 0.14. ಮತ್ತೆ `dz` ಪ್ರಿಂಟ್ ಮಾಡಿದಾಗ ಆರೂ ಲೇಯರ್ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿದ್ದವು. ಲಾಸ್ 2.30 ಬಿಟ್ಟು ಇಳಿಯಿತು.

ಗೆಳೆಯ ಬಂದು ಹೊಸ ಸಾಲನ್ನು ಓದಿದ.

```python
dz = da * (a > 0)
```

"ಮತ್ತೆ a ಹಾಕಿದ್ದೀಯಲ್ಲೋ" ಎಂದು ನಕ್ಕ. ಈ ಸಲ ನನ್ನ ಹತ್ತಿರ ಉತ್ತರ ಇತ್ತು. ರೆಲುವಿನಲ್ಲಿ z ಸೊನ್ನೆಗಿಂತ ದೊಡ್ಡದಿದ್ದರೆ ಮಾತ್ರ a ಸೊನ್ನೆಗಿಂತ ದೊಡ್ಡದು. ಯಾವುದನ್ನು ಕೊಟ್ಟರೂ ಒಂದೇ.