ಟಿ.ವಿ. ಕ್ಲಿಪ್ಪಿನ ಕೆಳಗೆ ಓಡುವ ಸ್ಕ್ರೋಲಿಂಗ್ ತೆಗೆದದ್ದು ಹೀಗೆ

ದಾವಣಗೆರೆಯಲ್ಲಿ ನನ್ನದು ಮದುವೆ, ಸಮಾರಂಭದ ವಿಡಿಯೋ ಎಡಿಟಿಂಗ್ ಕೆಲಸ. ಹಿರಿಯ ವೀರಗಾಸೆ ಕಲಾವಿದರೊಬ್ಬರ ಮಗ ಪೆನ್‌ಡ್ರೈವ್ ಹಿಡಿದು ಬಂದರು. ಅಪ್ಪನ ಟಿ.ವಿ. ಸಂದರ್ಶನ, ಸೆಟ್‌ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿದ್ದು. ಸನ್ಮಾನದ ದಿನ ದೊಡ್ಡ ಎಲ್‌ಇಡಿ ಪರದೆ ಮೇಲೆ ಹಾಕಬೇಕು. "ಅಣ್ಣಾ, ಕೆಳಗೆ ಓಡೋ ಸುದ್ದಿ ಒಂದು ಅಳಿಸಿಕೊಡಿ, ಅಪ್ಪ ಮಾತಾಡ್ತಿದ್ರೆ ಜನ ಪೆಟ್ರೋಲ್ ರೇಟ್ ಓದ್ತಾರೆ" ಅಂದರು.

ಅಳಿಸೋದು ಅನ್ನೋದೇ ಇಲ್ಲಿ ಆಗದ ಮಾತು. ಆ ಪಟ್ಟಿ ಚಿತ್ರದ ಮೇಲೆ ಬೇರೆಯಾಗಿ ಕೂತಿರುವುದಿಲ್ಲ. ನಮ್ಮ ಮನೆಗೆ ಬರುವ ಹೊತ್ತಿಗೆ ಚಿತ್ರದೊಳಗೇ ಸೇರಿಹೋಗಿರುತ್ತದೆ. ಅಕ್ಷರ ಓಡಿದರೂ ಅದರ ಹಿಂದಿನ ಬಣ್ಣದ ಪಟ್ಟಿ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಅದರಡಿ ಇರುವುದು ಯಾವ ಫ್ರೇಮಿನಲ್ಲೂ ಕಾಣುವುದಿಲ್ಲ. ನಾನು ಬಳಸುವುದು ffmpeg, ಕಮಾಂಡ್ ಬರೆದು ವಿಡಿಯೋ ಬದಲಿಸುವ ತಂತ್ರಾಂಶ. ಅದರ `delogo` ಫಿಲ್ಟರ್ ಸುತ್ತಲಿನ ಬಣ್ಣ ಎಳೆದು ತೂತು ಮುಚ್ಚುತ್ತದೆ. ಮೂಲೆಯ ಸಣ್ಣ ಲೋಗೋಗೆ ಸರಿ. ಪರದೆಯ ಅಂಚಿನವರೆಗೂ ಹರಡಿದ ಪಟ್ಟಿಗೆ ಹಾಕಿದರೆ ಅಲುಗಾಡುವ ಮಸುಕು ಮಾತ್ರ ಸಿಗುತ್ತದೆ. ಅದು ಸ್ಕ್ರೋಲಿಂಗ್‌ಗಿಂತ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕೇ ನಾನು ಮೊದಲು ಕೇಳೋದು, "ಚಾನೆಲ್‌ನವರು ಇದನ್ನ ಯೂಟ್ಯೂಬ್‌ಗೆ ಹಾಕಿದ್ದಾರಾ?" ಎಂದು. ಸ್ಕ್ರೋಲಿಂಗ್ ಸಾಮಾನ್ಯವಾಗಿ ಪ್ರಸಾರದ ಹೊತ್ತಿನಲ್ಲಿ ಸೇರುವಂಥದ್ದು. ಕಾರ್ಯಕ್ರಮದ ಮೂಲ ಫೈಲಿನಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಇವರ ಸಂದರ್ಶನ ಎಲ್ಲೂ ಸಿಗಲಿಲ್ಲ. ಉಳಿದದ್ದು ಕತ್ತರಿಸುವ ದಾರಿ.

ಮೊದಲು ಒಂದು ಫ್ರೇಮ್ ಹೊರತೆಗೆದು ಅಳೆದೆ.

```
ffmpeg -ss 60 -i sandarshana.ts -frames:v 1 patti.png
```

ಚಿತ್ರ 1920x1080. ಪಟ್ಟಿ ಶುರುವಾಗುವುದು ಮೇಲಿನಿಂದ 946ನೇ ಸಾಲಿನಲ್ಲಿ. ಸರಿಯಾಗಿ ಅಲ್ಲೇ ಕತ್ತರಿಸಿದರೆ ಪಟ್ಟಿಯ ಕೆಂಪು ಬಣ್ಣ ಅಂಚಿನಲ್ಲಿ ಸಣ್ಣಗೆ ಉಳಿಯುತ್ತದೆ. ಕಂಪ್ರೆಷನ್ನಿನಲ್ಲಿ ಬಣ್ಣ ಪಕ್ಕದ ಸಾಲುಗಳಿಗೂ ಸೋರಿರುತ್ತದೆ. ಅದಕ್ಕೆ 936ಕ್ಕೇ ನಿಲ್ಲಿಸಿದೆ. ಆ ಎತ್ತರಕ್ಕೆ 16:9ರ ಅಗಲ ಸರಿಯಾಗಿ 1664. ಅಂದರೆ ಅಡ್ಡಕ್ಕೆ 256 ಪಿಕ್ಸೆಲ್ ಬಿಡಬೇಕು, ಚಿತ್ರ ಸುಮಾರು 15% ದೊಡ್ಡದಾಗುತ್ತದೆ. ಇಷ್ಟಕ್ಕೆ ಮುಖ ಹೇಳಿಕೊಳ್ಳುವಷ್ಟು ಮಂಕಾಗುವುದಿಲ್ಲ.

ಆ 256 ಪಿಕ್ಸೆಲ್ಲನ್ನು ಎಡ, ಬಲ ಎರಡೂ ಕಡೆ ಸಮ ಹಂಚಿದರೆ ಬಲ ಮೇಲಿನ ಚಾನೆಲ್ ಲೋಗೋ ಅರ್ಧಕ್ಕೆ ಕತ್ತರಿಸುತ್ತದೆ. ಅರ್ಧ ಲೋಗೋ ನೋಡಿದರೆ ಕದ್ದ ಮಾಲಿನ ಹಾಗೆ ಕಾಣುತ್ತೆ, ಅಲ್ವಾ? ಯಾರ ಚಿತ್ರೀಕರಣ ಅನ್ನೋದು ತಿಳಿಯಬೇಕು ಅನ್ನೋದು ನನ್ನ ಪಟ್ಟು. ಅಪ್ಪ ಬಲಕ್ಕೆ ಕೂತಿದ್ದರು, ಎಡಗಡೆ ಬರೀ ಹೂಕುಂಡ. ಹಾಗಾಗಿ ಪೂರ್ತಿ ಎಡದಿಂದಲೇ ತೆಗೆದೆ.

```
ffmpeg -i sandarshana.ts -vf "bwdif,crop=1664:936:256:0,scale=1920:1080:flags=lanczos" -c:v libx264 -crf 18 -c:a aac -b:a 192k maatu.mp4
```

ಇಂಟರ್‌ಲೇಸ್ ಬಿಡಿಸುವ ಫಿಲ್ಟರ್ `bwdif` ಮೊದಲೇ ಬರಬೇಕು, ಇದು ಮುಖ್ಯ. ಈ ರೆಕಾರ್ಡಿಂಗ್ ಇಂಟರ್‌ಲೇಸ್ ಆಗಿತ್ತು. ಒಂದೇ ಫ್ರೇಮಿನಲ್ಲಿ ಸಾಲು ಬಿಟ್ಟು ಸಾಲು ಎರಡು ಬೇರೆ ಕ್ಷಣದ ಚಿತ್ರ, ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರ. ಅದನ್ನು ಬಿಡಿಸದೆ ಹಿಗ್ಗಿಸಿದರೆ ಎರಡೂ ಕಲಸಿಹೋಗಿ, ಕೈ ಆಡಿಸಿದಾಗೆಲ್ಲ ಅಂಚು ಗೆರೆಗೆರೆಯಾಗುತ್ತದೆ. ಆಮೇಲೆ ಸರಿಮಾಡಲು ಬರುವುದಿಲ್ಲ. ನಿಮ್ಮ ಫೈಲ್ ಹೀಗಿದೆಯಾ ಅಂತ ತಿಳಿಯಬೇಕಾದರೆ ಓಡುವ ಅಕ್ಷರವನ್ನೇ ಒಂದು ಫ್ರೇಮಿನಲ್ಲಿ ನಿಲ್ಲಿಸಿ ನೋಡಿ. ಅಕ್ಷರದ ಬದಿ ಹಲ್ಲುಹಲ್ಲಾಗಿದ್ದರೆ ಇಂಟರ್‌ಲೇಸ್. ಈ ಒಂದು ಕೆಲಸಕ್ಕೆ ಸ್ಕ್ರೋಲಿಂಗ್ ಉಪಯೋಗಕ್ಕೆ ಬರುತ್ತೆ.

ಕುಣಿತದ ಭಾಗಕ್ಕೆ ಈ ಲೆಕ್ಕ ನಡೆಯಲಿಲ್ಲ. ಅಪ್ಪ ವೇದಿಕೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಎಡದಿಂದ 256 ತೆಗೆದರೆ ಕತ್ತಿ ಹಿಡಿದ ಕೈಯೇ ಹೊರಗೆ. ಅಲ್ಲಿ ಅಗಲ ಪೂರ್ತಿ ಉಳಿಸಿಕೊಂಡು, ಕೆಳಗೆ ಖಾಲಿಯಾದ 144 ಸಾಲಿಗೆ ಕುಂಕುಮ ಬಣ್ಣದ ಪಟ್ಟಿ ಕೊಟ್ಟೆ. ಮೇಲಿನ ಕಮಾಂಡಿನಲ್ಲಿ `-vf` ಮುಂದಿನ ಉದ್ಧರಣೆಯೊಳಗೆ ಇದನ್ನು ಹಾಕಿದರೆ ಆಯಿತು.

```
bwdif,crop=1920:936:0:0,pad=1920:1080:0:0:color=0x7A1F1F
```

ಅದರ ಮೇಲೆ ಎಡಿಟಿಂಗ್‌ನಲ್ಲಿ ಅಪ್ಪನ ಹೆಸರು, ಊರು, 'ಕೃಪೆ' ಎಂದು ಚಾನೆಲ್ ಹೆಸರು ಬರೆದೆ. ಕುಣಿತ ಶುರುವಾದಾಗ ಪಟ್ಟಿ ಬಂದು, ಮಾತಿಗೆ ಮರಳಿದಾಗ ಹೋಗುತ್ತೆ. ಬೇಕಂತಲೇ ಹಾಕಿದ ಹಾಗಿದೆ. ಮಗ "ಗೆಜ್ಜೆ ಕಾಣಲ್ವಲ್ಲ" ಅಂದರು. ಪಾದ ಇದ್ದದ್ದೇ ಸ್ಕ್ರೋಲಿಂಗಿನ ಅಡಿ, ಅದನ್ನು ತರೋಕೆ ಆಗಲ್ಲ ಅಂತ ನೇರವಾಗಿ ಹೇಳಿದೆ.

ಒಂದು ಕಡೆ ಬ್ರೇಕಿಂಗ್ ನ್ಯೂಸ್ ಬಂದು ಪಟ್ಟಿ ಎರಡರಷ್ಟು ಎತ್ತರಕ್ಕೆ ಏರಿತ್ತು. ಇಂಥದ್ದಕ್ಕಾಗಿಯೇ ಕತ್ತರಿಸುವ ಮೊದಲು ಇಡೀ ಕ್ಲಿಪ್ಪನ್ನು ಓಡಿಸಿ, ಕೆಳಗಿನ ಅಂಚನ್ನಷ್ಟೇ ನೋಡುತ್ತೇನೆ. ಅಷ್ಟೂ ತೆಗೆದರೆ ಅಪ್ಪನ ಗದ್ದದ ಹತ್ತಿರ ಬರುತ್ತದೆ. ಆ ತುಂಡಿಗೆ ಧ್ವನಿ ಹಾಗೇ ಬಿಟ್ಟು, ಮನೆಯವರು ಕೊಟ್ಟ ಹಳೇ ಜಾತ್ರೆ ಫೋಟೋವನ್ನು ಚಿತ್ರದ ಮೇಲೆ ಹಾಕಿದೆ.